ಕಿವಿಗೆ ಕಾಣಿಸಿದ ಮೂರು ಚಿತ್ರಗಳು

ನಾನು ಕೆಲಸ ಮಾಡಿದ ಪ್ರೌಢಶಾಲೆಯಲ್ಲಿ ಮಕ್ಕಳೇ ನಡೆಸುವ ಪುಟ್ಟ ಬಾನುಲಿಯೊಂದಿದೆ. ಮಧ್ಯಾಹ್ನದ ಬಿಡುವಿನಲ್ಲಿ ತರಗತಿಗಳ ಧ್ವನಿವರ್ಧಕಗಳಲ್ಲಿ ಅದು ಕೇಳಿಸುತ್ತದೆ. ಈಗ ಅಲ್ಲಿ ಚಿತ್ರಕಲೆ ಕಲಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿ ಒಂದು ದಿನ ಮನೆಗೆ ಬಂದು, "ಸಾರ್, ಬೇರೆ ಬೇರೆ ಭಾವದ ಮೂರು ಚಿತ್ರಗಳನ್ನು ಐದು ನಿಮಿಷದಲ್ಲಿ ಮಕ್ಕಳಿಗೆ ಪರಿಚಯಿಸಿಕೊಡಬೇಕು" ಎಂದು ಕೇಳಿದರು. ಒಪ್ಪಿಕೊಂಡೆ. ಕಾಣದ ಚಿತ್ರವನ್ನು ಮಾತಿನಲ್ಲಿ ತೋರಿಸುವುದು ಎಷ್ಟು ಕಷ್ಟವೆಂಬುದು ಬರೆಯಲು ಕುಳಿತಾಗಲೇ ತಿಳಿದದ್ದು.

ಮೊದಲ ಕರಡಿನಲ್ಲಿ ಕಲಾವಿದರ ಹುಟ್ಟು, ಊರು, ಶೈಲಿ ಎಲ್ಲವನ್ನೂ ತುಂಬಿದ್ದೆ. ಗಡಿಯಾರ ಮುಂದಿಟ್ಟುಕೊಂಡು ಓದಿದರೆ ಎಂಟು ನಿಮಿಷವಾಯಿತು. ಆಮೇಲೆ ಲೆಕ್ಕ ಹಾಕಿದೆ: ಆರಂಭಕ್ಕೆ ಅರ್ಧ ನಿಮಿಷ, ಮುಕ್ತಾಯಕ್ಕೆ ಅರ್ಧ ನಿಮಿಷ, ನಡುವಿನ ನಾಲ್ಕು ನಿಮಿಷದಲ್ಲಿ ಒಂದೊಂದು ಚಿತ್ರಕ್ಕೆ ಎಂಬತ್ತು ಸೆಕೆಂಡು. ನನ್ನ ಓದಿನ ವೇಗಕ್ಕೆ ಅದು ನೂರಿಪ್ಪತ್ತು ಪದಗಳೊಳಗೇ ಮುಗಿಯಬೇಕು. ಜೀವನಚರಿತ್ರೆಗೆ ಅಲ್ಲಿ ಜಾಗವಿಲ್ಲ.

ಕೇಳುವವರಿಗೆ ಶಬ್ದದಿಂದಲೇ ದಾರಿ ತೋರಿಸಬೇಕೆಂದುಕೊಂಡು ಮೂರು ಚಿತ್ರಗಳನ್ನು ಆರಿಸಿಕೊಂಡೆ: ಒಂದು ಗದ್ದಲ, ಒಂದು ಚೀತ್ಕಾರ, ಒಂದು ಮೌನ. ಗದ್ದಲಕ್ಕೆ ಪೀಟರ್ ಬ್ರೂಗೆಲ್ 1560ರಲ್ಲಿ ರಚಿಸಿದ 'ಮಕ್ಕಳ ಆಟಗಳು'. ಅದರ ಭಾಗವನ್ನು ಹೀಗೆ ಬರೆದೆ:

"ಮಕ್ಕಳೇ, ಊರಿನ ಚೌಕದಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಒಟ್ಟಿಗೆ ಆಡುತ್ತಿದ್ದಾರೆ. ಬುಗುರಿ ತಿರುಗುತ್ತಿದೆ, ಬಳೆಯಾಕಾರದ ಚಕ್ರ ಉರುಳುತ್ತಿದೆ. ಒಬ್ಬ ಬಗ್ಗಿದ್ದಾನೆ, ಇನ್ನೊಬ್ಬ ಅವನ ಬೆನ್ನ ಮೇಲಿಂದ ಹಾರುತ್ತಿದ್ದಾನೆ. ಒಂದು ಮೂಲೆಯಲ್ಲಿ ಇಬ್ಬರು ಹುಡುಗಿಯರು ಕುಳಿತು ಆಡುತ್ತಿದ್ದಾರೆ, ನಮ್ಮ ಕಲ್ಲಾಟದಂತೆ. ಆದರೆ ಅವರ ಕೈಯಲ್ಲಿರುವುದು ಪ್ರಾಣಿಯ ಸಣ್ಣ ಮೂಳೆಗಳು."

ಎರಡನೆಯದು ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ 'ಚೀತ್ಕಾರ'. ಮೂರನೆಯದು ಅಮೃತಾ ಶೇರ್‌ಗಿಲ್ ಅವರ 'ಮೂವರು ಹುಡುಗಿಯರು'. ಯುರೋಪಿನಿಂದ ಭಾರತಕ್ಕೆ ಮರಳಿದ ಮರುವರ್ಷ, 1935ರಲ್ಲಿ ಅವರು ಬರೆದ ಚಿತ್ರ ಅದು.

ಬರೆದದ್ದು ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಒಂಬತ್ತನೆಯ ತರಗತಿಗೆ ಹೋಗಿ, ಚಿತ್ರಗಳನ್ನು ತೋರಿಸದೆ ಓದಿ, ಕೇಳಿಸಿದ್ದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ ಎಂದೆ. ಅವರ ಹಾಳೆಗಳೇ ನನ್ನ ತಪ್ಪುಗಳನ್ನು ತಿದ್ದಿದವು.

ಮುಂಕ್‌ನ ಚಿತ್ರಕ್ಕೆ ಬಹುತೇಕ ಎಲ್ಲರೂ ಯಾರನ್ನೋ ನೋಡಿ ಕೂಗುತ್ತಿರುವ ಮನುಷ್ಯನನ್ನು ಬರೆದಿದ್ದರು. ತಪ್ಪು ನನ್ನದೇ. 'ಚೀತ್ಕಾರ' ಎಂಬ ಹೆಸರನ್ನು ಮೊದಲೇ ಹೇಳಿ, ಕೈಗಳ ವಿಷಯವನ್ನು ಕೊನೆಗೆ ಇಟ್ಟಿದ್ದೆ. ಸೂರ್ಯಾಸ್ತದ ಹೊತ್ತು ಇಬ್ಬರು ಗೆಳೆಯರೊಡನೆ ನಡೆಯುತ್ತಿದ್ದಾಗ ಆಕಾಶ ರಕ್ತದಂತೆ ಕೆಂಪಾಯಿತೆಂದೂ, ಪ್ರಕೃತಿಯನ್ನೇ ಸೀಳಿಕೊಂಡು ಬಂದ ಕೂಗೊಂದು ತನ್ನ ಅನುಭವಕ್ಕೆ ಬಂತೆಂದೂ ಮುಂಕ್ ಬರೆದಿಟ್ಟಿದ್ದಾನೆ. ಆ ಆಕೃತಿಯ ಬಾಯಿ ತೆರೆದಿದೆ ನಿಜ. ಆದರೆ ಕೈಗಳು ಕಿವಿಯ ಮೇಲಿವೆ. ಹಾಗಾಗಿ ಕ್ರಮ ಬದಲಿಸಿದೆ:

"ಎರಡೂ ಕೈಗಳಿಂದ ಕಿವಿ ಮುಚ್ಚಿಕೊಳ್ಳಿ. ಸೇತುವೆಯ ಮೇಲೆ ಒಬ್ಬರು ಹೀಗೆಯೇ ನಿಂತಿದ್ದಾರೆ. ಮೇಲೆ ಆಕಾಶ ಕೆಂಪಾಗಿ ಅಲೆಯಲೆಯಾಗಿ ಹರಿದಿದೆ. ಹಿಂದೆ ದೂರದಲ್ಲಿ ಇಬ್ಬರಿದ್ದಾರೆ; ಅವರಿಗೆ ಏನೂ ಆದಂತಿಲ್ಲ. ಹಾಗಾದರೆ ಇವರಿಗೆ ಕೇಳಿಸುತ್ತಿರುವುದೇನು?" ಚಿತ್ರದ ಹೆಸರು ಇಷ್ಟಾದ ಮೇಲೆ ಬರುತ್ತದೆ.

ಇನ್ನು ಶೇರ್‌ಗಿಲ್ ಚಿತ್ರ. ಒಬ್ಬ ಹುಡುಗಿಯ ಹಾಳೆಯಲ್ಲಿ ಮೂವರೂ ಎದುರುಬದುರಾಗಿ ಕುಳಿತು ನಗುತ್ತ ಹರಟುತ್ತಿದ್ದರು! "ಮೂವರು ಒಟ್ಟಿಗೆ ಕುಳಿತಿದ್ದಾರೆ" ಎಂದು ನಾನೇ ಓದಿದ್ದೆನಲ್ಲ. ಒಟ್ಟಿಗೆ ಎಂದರೆ ಮಕ್ಕಳಿಗೆ ಹರಟೆಯೇ. 'ದುಃಖ' ಎಂಬ ಪದವನ್ನು ಸೇರಿಸಿಬಿಡೋಣ ಎನ್ನಿಸಿತು, ಬೇಡವೆಂದುಕೊಂಡೆ. ಭಾವದ ಹೆಸರನ್ನು ನಾನೇ ಹೇಳಿಬಿಟ್ಟರೆ ಅವರು ನೋಡುವುದಕ್ಕೆ ಏನು ಉಳಿಯುತ್ತದೆ? ಕಣ್ಣಿಗೆ ಕಾಣುವುದನ್ನಷ್ಟೇ ಹೇಳಿದೆ:

"ಮೂವರೂ ಒತ್ತಾಗಿ ಕುಳಿತಿದ್ದಾರೆ. ಬಟ್ಟೆಯ ಬಣ್ಣ ಗಾಢವಾಗಿದೆ. ಆದರೆ ಒಬ್ಬಳೂ ಇನ್ನೊಬ್ಬಳನ್ನು ನೋಡುತ್ತಿಲ್ಲ, ನಮ್ಮನ್ನೂ ನೋಡುತ್ತಿಲ್ಲ. ಅವರ ಹಿಂದೆ ಮನೆಯಿಲ್ಲ, ಮರವಿಲ್ಲ. ಏನನ್ನೋ ಕಾಯುತ್ತಿರುವಂತಿದ್ದಾರೆ."

ಇಲ್ಲಿ ಹತ್ತು ಸೆಕೆಂಡು ಮೌನವಿರಲಿ ಎಂದು ಬರೆದಿದ್ದೆ. ಯಂತ್ರದ ಮುಂದೆ ಕೂರುವ ಹುಡುಗ ಒಪ್ಪಲಿಲ್ಲ. "ಸಾರ್, ಮೈಕು ಕೆಟ್ಟಿತು ಅಂತ ಎಲ್ಲರೂ ಗಲಾಟೆ ಮಾಡ್ತಾರೆ" ಎಂದ. ಮೂರು ಸೆಕೆಂಡಿಗೆ ರಾಜಿಯಾಯಿತು.

ಪ್ರಸಾರದ ದಿನ ನಾನು ಅದೇ ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಆಟಗಳ ಭಾಗಕ್ಕೆ ಪಿಸುಮಾತು, ನಗು. ಕಿವಿ ಮುಚ್ಚಿರೆಂದಾಗ ಎಲ್ಲರೂ ಮುಚ್ಚಿಕೊಂಡರು; ಮುಂದಿನ ವಾಕ್ಯ ಅರ್ಧಂಬರ್ಧ ಕೇಳಿಸಿರಬೇಕು! ಅಲ್ಲೊಂದು ಚಿಕ್ಕ ಬಿಡುವು ಕೊಟ್ಟು, ಕೈ ಇಳಿಸಿರೆಂದು ಹೇಳಬೇಕಿತ್ತೆಂದು ಆಗ ಹೊಳೆಯಿತು. ಕೊನೆಯ ಮೂರು ಸೆಕೆಂಡು ಮಾತ್ರ ಯಾರೂ ಗಲಾಟೆ ಮಾಡಲಿಲ್ಲ. ಹಿಂದೆ ಮೂವರನ್ನೂ ನಗಿಸಿದ್ದ ಆ ಹುಡುಗಿ ಆಮೇಲೆ ಬಳಿ ಬಂದು ಕೇಳಿದಳು: "ಅವರು ಯಾಕೆ ಮಾತಾಡ್ತಿಲ್ಲ ಸಾರ್?"

ಉತ್ತರ ಹೇಳಲಿಲ್ಲ. ಗ್ರಂಥಾಲಯದಲ್ಲಿದ್ದ ಪುಸ್ತಕವನ್ನು ತರಿಸಿ, ಚಿತ್ರವಿದ್ದ ಪುಟವನ್ನು ತೆರೆದು ಅವಳ ಮುಂದಿಟ್ಟೆ.