ಹಳೆಯ ಸಿಮ್ಮಿನ ಕೊನೆಯ ಕೆಲಸ

ಊಟ ತರಿಸುವ ಅಥವಾ ಟ್ಯಾಕ್ಸಿ ಕರೆಸುವ ಆ್ಯಪ್‌ಗಳಲ್ಲಿ ಮೊಬೈಲ್ ಸಂಖ್ಯೆಯೇ ಖಾತೆ ಎಂಬ ಭಾವನೆ ವ್ಯಾಪಕವಾಗಿದೆಯಾದರೂ, ಪ್ರತಿ ಖಾತೆಗೂ ಬಳಕೆದಾರರಿಗೆ ಕಾಣದ ಬೇರೊಂದು ಆಂತರಿಕ ಗುರುತು ಇರುತ್ತದೆ. ಉಳಿಸಿಟ್ಟ ವಿಳಾಸಗಳೂ ಹಿಂದಿನ ಆರ್ಡರ್‌ಗಳೂ ಸಾಮಾನ್ಯವಾಗಿ ವ್ಯಾಲೆಟ್ಟಿನ ಹಣವೂ ಆ ಗುರುತಿಗೆ ಅಂಟಿಕೊಂಡಿರುತ್ತವೆ. ಮೊಬೈಲ್ ಸಂಖ್ಯೆ ಅದರ ಬೀಗದ ಕೈ ಮಾತ್ರ. ಆದ್ದರಿಂದ ಹಳೆಯ ಸಂಖ್ಯೆಯಿಂದ ಲಾಗಿನ್ ಆಗಿರುವಾಗಲೇ ಪ್ರೊಫೈಲಿಗೆ ಹೋಗಿ, ತಿದ್ದುವ ಆಯ್ಕೆಯಲ್ಲಿ ಹೊಸ ಸಂಖ್ಯೆ ಬರೆದು, ಅದಕ್ಕೆ ಬರುವ ಓಟಿಪಿಯನ್ನು, ಅಂದರೆ ಒಂದೇ ಸಲ ಬಳಕೆಯಾಗುವ ಗುಪ್ತಸಂಖ್ಯೆಯನ್ನು, ನಮೂದಿಸಿದವರಿಗೆ ನಷ್ಟವೇನೂ ಆಗದು. ಕೆಲವು ಆ್ಯಪ್‌ಗಳು ಹಳೆಯ ಸಂಖ್ಯೆಗೂ ಓಟಿಪಿ ಕಳಿಸುವುದರಿಂದ ಆ ಸಿಮ್ ಅಲ್ಲಿಯವರೆಗೆ ಜೀವಂತವಾಗಿರಬೇಕು.

ತೊಡಕು ಹುಟ್ಟುವುದು ಅವಸರದಲ್ಲಿ. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಒಬ್ಬ ತರುಣಿ ಹೊಸ ಫೋನಿನಲ್ಲಿ ಆ್ಯಪ್ ಇಳಿಸಿಕೊಂಡು, ನೇರವಾಗಿ ಹೊಸ ಸಂಖ್ಯೆಯನ್ನೇ ಒತ್ತಿದಳೆಂದು ಭಾವಿಸೋಣ. ಆ್ಯಪ್ ಅವಳನ್ನು ಹೊಸ ಗಿರಾಕಿಯೆಂದೇ ತಿಳಿದು ಖಾಲಿ ಖಾತೆಯೊಂದನ್ನು ತೆರೆಯುತ್ತದೆ, ಮೊದಲ ಆರ್ಡರಿಗೆ ರಿಯಾಯಿತಿಯನ್ನೂ ತೋರಿಸಬಹುದು. ಅದೇ ಎಡವಟ್ಟಿನ ಮೊದಲ ಸೂಚನೆ. ಗಾಬರಿಯಾಗಿ ಹಳೆಯ ಖಾತೆಗೆ ಮರಳಿ ಸಂಖ್ಯೆ ಬದಲಿಸಹೊರಟರೆ, ಆ ಸಂಖ್ಯೆ ಈಗಾಗಲೇ ಬೇರೆ ಖಾತೆಯಲ್ಲಿದೆ ಎಂಬ ತಕರಾರು ಎದುರಾಗುತ್ತದೆ. ಎರಡು ಖಾತೆಗಳನ್ನು ಬೆಸೆಯುವ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಮೊದಲು ಖಾಲಿ ಖಾತೆಯನ್ನು ಅಳಿಸಿ, ಅಳಿಸುವಿಕೆ ಪೂರ್ಣವಾಗುವವರೆಗೆ ಕಾದು, ಆಮೇಲೆ ಹಳೆಯದರಲ್ಲಿ ಸಂಖ್ಯೆ ತಿದ್ದಬೇಕು. ಈ ಸರದಿ ತಿರುವುಮುರುವಾಗಿ ಹಳೆಯ ಖಾತೆಯೇ ಅಳಿದುಹೋದರೆ ಹಣವೂ ಚರಿತ್ರೆಯೂ ಅದರೊಂದಿಗೇ ಹೋಗುತ್ತವೆ.

ವ್ಯಾಲೆಟ್ಟಿನ ವಿಷಯ ಸ್ವಲ್ಪ ಬೇರೆ. ಆ್ಯಪ್ ಕಂಪನಿಯದೇ ವ್ಯಾಲೆಟ್ಟಾದರೆ ಹಣ ಖಾತೆಯ ಜೊತೆಗೇ ಉಳಿಯುತ್ತದೆ. ಬೇರೊಂದು ಪಾವತಿ ಸಂಸ್ಥೆಯ ವ್ಯಾಲೆಟ್ಟನ್ನು ಜೋಡಿಸಿದ್ದರೆ, ಅದು ಆ ಸಂಸ್ಥೆಯಲ್ಲಿ ನೋಂದಾಯಿಸಿದ ಸಂಖ್ಯೆಯನ್ನೇ ನಂಬುವುದರಿಂದ ಅಲ್ಲಿಯೂ ಪ್ರತ್ಯೇಕವಾಗಿ ಬದಲಿಸಬೇಕಾಗುತ್ತದೆ. ಸಣ್ಣ ಮೊತ್ತವಾದರೆ ಮೊದಲೇ ಖರ್ಚು ಮಾಡಿಬಿಡುವುದು ಜಾಣತನ. ವಿಳಾಸಗಳಲ್ಲಿಯೂ ಒಂದು ಸೂಕ್ಷ್ಮವಿದೆ: ಕೆಲವು ಆ್ಯಪ್‌ಗಳು ಪ್ರತಿ ವಿಳಾಸದೊಳಗೆ ಸಂಪರ್ಕಸಂಖ್ಯೆಯನ್ನು ಬೇರೆಯಾಗಿ ಇಟ್ಟುಕೊಳ್ಳುತ್ತವೆ, ಪ್ರೊಫೈಲ್ ತಿದ್ದಿದರೂ ಡೆಲಿವರಿ ಹುಡುಗನ ಕರೆ ಹಳೆಯ ಸಂಖ್ಯೆಗೇ ಹೋಗುತ್ತದೆ.

ಸಿಮ್ ಈಗಾಗಲೇ ಕಳೆದುಹೋಗಿದ್ದರೆ, ಅದೇ ಸಂಖ್ಯೆಯ ಬದಲಿ ಸಿಮ್ ಪಡೆಯುವುದೇ ಸುಲಭದ ದಾರಿ; ಊಬರ್‌ನಂಥ ಆ್ಯಪ್‌ಗಳಲ್ಲಿ ಖಾತೆಗೆ ಸೇರಿಸಿದ ಇಮೇಲ್ ಮೂಲಕವೂ ಒಳಹೊಗಬಹುದು. ಕಂಪನಿಯನ್ನಷ್ಟೇ ಬದಲಿಸಿ ಸಂಖ್ಯೆಯನ್ನು ಉಳಿಸಿಕೊಂಡವರು, ಅಂದರೆ ಪೋರ್ಟ್ ಮಾಡಿಸಿದವರು, ಏನನ್ನೂ ತಿದ್ದಬೇಕಿಲ್ಲ. ಆದರೆ ಭಾರತದಲ್ಲಿ ಶಾಶ್ವತವಾಗಿ ನಿಂತ ಸಂಖ್ಯೆಯನ್ನು 90 ದಿನಗಳ ನಂತರ ಹೊಸಬರಿಗೆ ಕೊಡಬಹುದಾದ್ದರಿಂದ, ಸಂಖ್ಯೆ ಬದಲಿಸದೆ ಬಿಟ್ಟ ಖಾತೆಯ ಓಟಿಪಿ ಮುಂದೊಂದು ದಿನ ಅಪರಿಚಿತರ ಫೋನಿಗೆ ಬರಬಹುದು, ಮನೆಯ ವಿಳಾಸವೂ ಅವರಿಗೆ ಕಾಣಬಹುದು.