ಅಪ್ಪನ ಶುಗರ್, ತಾರೀಖಿನ ಸಮೇತ

ತಿರುವನಂತಪುರಕ್ಕೆ ಬಂದ ಮೇಲೆ ಅಪ್ಪನ ಆರೋಗ್ಯ ವಿಮೆಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಲು ಕೂತೆ. ನವೀಕರಣಕ್ಕೆ ಕನಿಷ್ಠ 45 ದಿನ ಮೊದಲೇ ಅರ್ಜಿ ಹೋಗಬೇಕು.

“ಹಳೇ ಕಂಪನಿಗೆ ಗೊತ್ತಿದೆಯಲ್ಲ, ಶುಗರ್ ಕಂಟ್ರೋಲಲ್ಲಿದೆ, ಬರೀಬೇಡ” ಅಂದರು ಅಪ್ಪ. ಆದರೆ ಹೊಸಬರು ನಂಬುವುದು ನಮ್ಮ ಅರ್ಜಿಯನ್ನು. ನಾಳೆ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಡಾಕ್ಟರು ‘ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ’ ಎಂದು ಬರೆದರೆ, ಮುಚ್ಚಿಟ್ಟಿರೆಂದು ಕ್ಲೇಮು ತಿರಸ್ಕರಿಸಬಹುದು.

ಸ್ಟೆಂಟ್ ಹಾಕಿದ್ದ ಕೊಚ್ಚಿಯ ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿ ತರಿಸಿ ಪತ್ರ ಬರೆದೆ: “2015ರ ಜೂನ್‌ನಿಂದ ಮಧುಮೇಹ, ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ದಿನಕ್ಕೆರಡು. 2019ರಿಂದ ರಕ್ತದೊತ್ತಡ. 2021ರಲ್ಲಿ ಒಂದು ಸ್ಟೆಂಟ್, ದಾಖಲೆ ಲಗತ್ತಿಸಿದೆ.”

ಹಳೇ ಪಾಲಿಸಿಯಲ್ಲಿ ಕಾದ ವರ್ಷಗಳು ಹಳೆಯ ಐದು ಲಕ್ಷಕ್ಕಷ್ಟೇ ಲೆಕ್ಕ. ಹೆಚ್ಚಿಸಿಕೊಂಡ ಮೊತ್ತಕ್ಕೆ ಮತ್ತೆ ಕಾಯಬೇಕು. ಸ್ಟೆಂಟ್ ನೋಡಿ ಅವರು ಬೇಡವೆನ್ನಲೂಬಹುದಿತ್ತು. ಅದಕ್ಕೇ ಒಪ್ಪಿಗೆ ಕೈಗೆ ಬರುವವರೆಗೆ ಹಳೆಯದನ್ನು ಬಿಡಲಿಲ್ಲ.