ಯಂತ್ರಕ್ಕೆ ಐದಡಿ ಜಾಗ

ಈಗ ಯಾವ ಮದುವೆಯ ಪಂಕ್ತಿಯಲ್ಲಿ ಕುಳಿತರೂ ಒಂದೇ ಪ್ರಶ್ನೆ. ಹುಡುಗನಿಗೆ ಏನು ಕಲಿಸಿದರೆ ಕೆಲಸ ಉಳಿಯುತ್ತದೆ? ಮೊದಲು ಏನು ಕಲಿಸಿದರೆ ಕೆಲಸ ಸಿಗುತ್ತದೆ ಎಂದು ಕೇಳುತ್ತಿದ್ದರು. ಸಿಗುವುದರಿಂದ ಉಳಿಯುವುದಕ್ಕೆ ಪ್ರಶ್ನೆ ಸರಿದುಕೊಂಡಿದ್ದು ಯಾವಾಗ ಅಂತ ಯಾರೂ ಗಮನಿಸಲಿಲ್ಲ. ಉತ್ತರ ಹೇಳುವವರಿಗೂ ಕೊರತೆಯಿಲ್ಲ. ಗೋಕಾಕದ ಬಸ್‌ಸ್ಟ್ಯಾಂಡಿನಿಂದ ಮೂಡಲಗಿಗೆ ಹೋಗುವಷ್ಟರಲ್ಲಿ ಪಕ್ಕದ ಸೀಟಿನವರು ಹತ್ತು ಉದ್ಯೋಗಗಳಿಗೆ ತಿಥಿ ಮಾಡಿ ಮುಗಿಸಿರುತ್ತಾರೆ. ಕಾರಕೂನ ಹೋದ, ಟೈಪಿಸ್ಟ್ ಹೋದ, ಇನ್ನು ಕಂಪ್ಯೂಟರಿನವನೂ ಹೋದ ಹಾಗೇ ಅಂತ.

ನನಗನ್ನಿಸುವುದು, ಉದ್ಯೋಗದ ಹೆಸರು ಹಿಡಿದು ಭವಿಷ್ಯ ಹೇಳುವುದೇ ತಪ್ಪು. ಆ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದರೆ ಸಾಕು. ನವೆಂಬರಿನಿಂದ ಮಾರ್ಚಿನವರೆಗೆ ರಸ್ತೆಯ ಎರಡೂ ಬದಿಗೆ ಕಬ್ಬು ಕಡಿಯುವುದು ನಡೆದೇ ಇರುತ್ತದೆ. ಘಟಪ್ರಭಾ ಕಾಲುವೆಯ ನೀರು ಬಂದ ಮೇಲೆ ಮೂಡಲಗಿ ಕಡೆ ಕಬ್ಬಿಲ್ಲದ ಹೊಲ ಹುಡುಕುವುದೇ ಕಷ್ಟ. ಒಂದು ಹೊಲದಲ್ಲಿ ಗ್ಯಾಂಗಿನವರು ಕೊಯ್ತಾ ಹಿಡಿದು ನಿಂತಿರುತ್ತಾರೆ, ಅದರಾಚೆಯ ಹೊಲದಲ್ಲಿ ಕೋಟಿ ರೂಪಾಯಿಯ ಆಸುಪಾಸಿನ ಯಂತ್ರವೊಂದು ಗುಡುಗುತ್ತಿರುತ್ತದೆ. ಯಂತ್ರ ಬಂತು, ಗ್ಯಾಂಗು ಹೋಯಿತು ಅಂತ ನೀವು ಒಂದೇ ಏಟಿಗೆ ತೀರ್ಪು ಕೊಡಬಹುದು. ಸ್ವಲ್ಪ ತಡೆಯಿರಿ. ಬಸ್ಸು ಇಲ್ಲಿ ಹೇಗೂ ನಿಲ್ಲುತ್ತದೆ.

ಕಬ್ಬು ಕಡಿಯುವುದು ಅಂದರೆ ಒಂದು ಕೆಲಸವಲ್ಲ. ಗ್ಯಾಂಗಿನಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ ಎಂಬ ಲೆಕ್ಕ. ಗಂಡ ಬಾಗಿ ಬುಡಕ್ಕೆ ಏಟು ಹಾಕುತ್ತಾನೆ, ರವದಿ ಸವರುತ್ತಾನೆ, ತುದಿಯ ಹಸಿರು ಸೋಗಿ ಹಾರಿಸುತ್ತಾನೆ. ಹೆಂಡತಿ ಕಬ್ಬನ್ನು ಒಟ್ಟಿ ಸೋಗಿಯಿಂದಲೇ ಹಗ್ಗ ಮಾಡಿ ಹೊರೆ ಬಿಗಿಯುತ್ತಾಳೆ. ಆಮೇಲೆ ಇಬ್ಬರೂ ಹೊರೆ ಹೊತ್ತು, ಹಲಗೆ ಏರಿ, ಟ್ರೇಲರ್ ತುಂಬಬೇಕು. ಇಷ್ಟೆಲ್ಲ ಆಗಿ ದಿನಕ್ಕೆ ಒಂದೂವರೆ ಟನ್ನು, ಗಟ್ಟಿಗರಾದರೆ ಎರಡು. ಯಂತ್ರ ಇದೆಲ್ಲವನ್ನೂ ಒಂದೇ ಓಟದಲ್ಲಿ ಮಾಡುತ್ತದೆ. ಮುಂದಿನ ತಿರುಗುವ ಬ್ಲೇಡು ಬುಡ ಕತ್ತರಿಸಿದರೆ, ಒಳಗಿನ ಉರುಳೆಗಳು ಕಬ್ಬನ್ನು ಎಳೆದುಕೊಂಡು ಗೇಣುದ್ದದ ತುಂಡು ಮಾಡುತ್ತವೆ, ದೊಡ್ಡ ಫ್ಯಾನೊಂದು ರವದಿಯನ್ನು ಹೊರಗೆ ಊದುತ್ತದೆ, ತುಂಡುಗಳು ಪಕ್ಕದ ಗಾಡಿಗೆ ಬೀಳುತ್ತವೆ. ಎಲ್ಲ ನೆಟ್ಟಗಿದ್ದರೆ ದಿನಕ್ಕೆ ನೂರು ಟನ್ನು ದಾಟಿಸಿಬಿಡುತ್ತದೆ.

ನೆಟ್ಟಗಿದ್ದರೆ! ಕಥೆ ಇರುವುದೆಲ್ಲ ಆ ಮಾತಿನಲ್ಲೇ. ನಮ್ಮಜ್ಜಂದಿರು ಕಬ್ಬು ಹಚ್ಚಿದ್ದು ಎರಡೂವರೆ, ಮೂರು ಅಡಿ ಸಾಲಿನಲ್ಲಿ. ಯಂತ್ರದ ಗಾಲಿ ಅಲ್ಲಿ ನುಗ್ಗಿದರೆ ಪಕ್ಕದ ಸಾಲಿನ ಬೇರಿನ ಮೇಲೇ ಹತ್ತುತ್ತದೆ, ಮುಂದಿನ ವರ್ಷದ ಕೂಳೆ ಅಲ್ಲೇ ಸತ್ತಿತು. ಹಾಗಾಗಿ ಸಾಲಿಗೂ ಸಾಲಿಗೂ ನಾಲ್ಕೂವರೆ, ಐದು ಅಡಿ ಬೇಕು. ಹೊಲದ ಎರಡೂ ತುದಿಗೆ ಯಂತ್ರ ತಿರುಗಲು ಖಾಲಿ ಜಾಗ ಬೇಕು. ಎರೆಭೂಮಿ ಹಸಿಯಾಗಿದ್ದರೆ ಅದು ಹೂತು ಕೂರುತ್ತದೆ. ಗಾಳಿಗೆ ಮಲಗಿದ ಕಬ್ಬು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಬುಡ ಎಲ್ಲಿ, ತುದಿ ಎಲ್ಲಿ ಅಂತ ಅದಕ್ಕೆ ತಿಳಿಯುವುದಿಲ್ಲ. ಯಂತ್ರ ನಮ್ಮ ಹೊಲವನ್ನು ಕಲಿತುಕೊಂಡಿಲ್ಲ, ನಮ್ಮ ಹೊಲವೇ ಯಂತ್ರವನ್ನು ಕಲಿತುಕೊಳ್ಳುತ್ತಿದೆ. ಗ್ಯಾಂಗಿನ ಕೆಲಸ ಎಷ್ಟು ವರ್ಷ ಉಳಿದೀತು ಅಂತ ತಿಳಿಯಬೇಕಿದ್ದರೆ ಯಂತ್ರದ ಶೋರೂಮಿಗೆ ಹೋಗುವುದು ದಂಡ. ಹಚ್ಚುವ ಕಾಲದಲ್ಲಿ ಟೇಪು ಹಿಡಿದು ಹೊಲಕ್ಕೆ ಹೋಗಿ, ಎಷ್ಟು ಜನ ಐದಡಿ ಸಾಲು ಬಿಡುತ್ತಿದ್ದಾರೆ ಅಂತ ನೋಡಬೇಕು.

ಈ ಮಾತು ಬಂದಾಗ ನನಗೆ ಹುಕ್ಕೇರಿಯ ಕರೆಂಟು ನೆನಪಾಗುತ್ತದೆ. ಕಬ್ಬಿಗೂ ಕರೆಂಟಿಗೂ ಏನು ಸಂಬಂಧ ಅನ್ನಬೇಡಿ, ಕಾಲುವೆ ಮುಟ್ಟದ ಕಡೆ ಬೋರಿನ ಮೋಟರ್ ಇಲ್ಲದ ಕಬ್ಬು ಎಲ್ಲಿಯದು? ರಾಜ್ಯದ ಉಳಿದ ಕಡೆ ಎಸ್ಕಾಂಗಳದೇ ಕಾರಭಾರ. ಹುಕ್ಕೇರಿಯಲ್ಲಿ ಮಾತ್ರ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮನೆಮನೆಗೆ ಕರೆಂಟು ಹಂಚುತ್ತದೆ. ಆಗ ದೇಶದಲ್ಲಿ ಪ್ರಯೋಗಕ್ಕೆಂದು ಇಂಥ ಐದು ಸಂಘ ಮಾಡಿದ್ದರು. ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಆಗ ಆಂಧ್ರದಲ್ಲಿದ್ದ ಸಿರಿಸಿಲ್ಲ, ಉತ್ತರಪ್ರದೇಶದ ಲಖನೌ, ಅವುಗಳ ಸಾಲಿನಲ್ಲಿ ನಮ್ಮ ಹುಕ್ಕೇರಿ. ದೊಡ್ಡ ಊರುಗಳ ನಡುವೆ ನಮ್ಮೂರಿನ ಹೆಸರು ಬಂದರೆ ಹೇಳದೆ ಇರಲಾಗುವುದಿಲ್ಲ, ಹೊಟ್ಟೆಕಿಚ್ಚು ಪಡಬೇಡಿ.

ಕರೆಂಟಿನ ಕೆಲಸದಲ್ಲಿ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡೋಣ. ಒಬ್ಬ ಮೀಟರ್ ರೀಡರ್. ತಿಂಗಳಿಗೊಮ್ಮೆ ಬಂದು, ಕತ್ತು ಎತ್ತಿ, ಅಂಕಿ ನೋಡಿ, ಬಿಲ್ಲು ಹರಿದು ಕೊಡುತ್ತಾನೆ. ಯಾವ ಮನೆಯ ನಾಯಿ ಕಚ್ಚುತ್ತದೆ ಅನ್ನುವ ಜ್ಞಾನ ಅವನಿಗಿದ್ದಷ್ಟು ಯಾರಿಗೂ ಇಲ್ಲ, ಆದರೆ ಅದಕ್ಕೆ ಸಂಬಳ ಕೊಡುವವರಿಲ್ಲ. ಮೀಟರೇ ತನ್ನ ಅಂಕಿಯನ್ನು ಆಫೀಸಿಗೆ ಕಳಿಸುವಂತಾದರೆ ಅವನ ತಿರುಗಾಟ ಮುಗಿಯುತ್ತದೆ. ಯಾಕೆಂದರೆ ಮೀಟರು ಎಲ್ಲ ಮನೆಯಲ್ಲೂ ಒಂದೇ ತರಹ, ಅಂಕಿಯೂ ಒಂದೇ ತರಹ. ಹೊಲ ಆಗಲೇ ನೆಟ್ಟಗಾಗಿದೆ ಅನ್ನಿ.

ಇನ್ನೊಬ್ಬ ಲೈನ್‌ಮನ್. ಮಳೆಗಾಲದ ರಾತ್ರಿ ಲೈನು ಟ್ರಿಪ್ ಆಯಿತು. ತಪ್ಪು ಎಲ್ಲಿದೆ? ಹತ್ತಾರು ಕಿಲೋಮೀಟರ್ ತಂತಿ, ಹಳ್ಳ, ಕಬ್ಬು, ಕತ್ತಲೆ. ಅವನು ಮೊದಲು ನಡುವಿನ ಸ್ವಿಚ್ಚು ತೆಗೆದು ಅರ್ಧ ಲೈನು ಬೇರೆ ಮಾಡುತ್ತಾನೆ, ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಉಳಿದರ್ಧಕ್ಕೆ ಚಾರ್ಜ್ ಹಾಕಿಸುತ್ತಾನೆ. ನಿಂತರೆ ತಪ್ಪು ಆಚೆಯ ಅರ್ಧದಲ್ಲಿದೆ. ಹೀಗೆ ಅರ್ಧ, ಕಾಲು ಮಾಡುತ್ತ ನಾಲ್ಕೆಂಟು ಕಂಬಗಳಿಗೆ ಬಂದು, ಬ್ಯಾಟರಿ ಬಿಟ್ಟು ನೋಡಿದರೆ ಒಡೆದ ಇನ್ಸುಲೇಟರು, ಇಲ್ಲವೇ ತಂತಿಗೆ ಒರಗಿದ ಟೊಂಗೆ. ಆಮೇಲೆ ಲೈನ್ ಕ್ಲಿಯರ್ ತಗೊಂಡು, ಅರ್ಥಿಂಗ್ ರಾಡು ಹಾಕಿ, ಹತ್ತಬೇಕು. ಯಾವ ಭಾಗದಲ್ಲಿ ತಪ್ಪಿದೆ ಅಂತ ತೋರಿಸುವ ಸಾಧನಗಳು ಬಂದಿವೆ, ಅಂದರೆ ಅವನ ಅರ್ಧ ರಾತ್ರಿ ಉಳಿಯುತ್ತದೆ. ಕಂಬ ಹತ್ತುವುದು ಮಾತ್ರ ತಪ್ಪುವುದಿಲ್ಲ. ಒಂದು ಟೊಂಗೆಯಂತೆ ಇನ್ನೊಂದು ಬೀಳುವುದಿಲ್ಲ, ಲೈನ್ ಕ್ಲಿಯರ್ ತಗೊಂಡವನ ಹೆಸರೇ ದಾಖಲೆಯಲ್ಲಿ ಇರಬೇಕು. ಕೆಲಸ ಗಟ್ಟಿ ಅಂದ ಮಾತ್ರಕ್ಕೆ ಸುಖದ್ದು ಅಂತ ತಿಳಿಯಬೇಡಿ. ಉಳಿಯುವ ಕೆಲಸಗಳಲ್ಲಿ ಹಲವು ಮಳೆಯಲ್ಲೇ ಇರುತ್ತವೆ.

ಗೋಕಾಕಕ್ಕೆ ಬಂದು ಕರದಂಟು ಬಿಟ್ಟರೆ ಊರವರು ಸುಮ್ಮನಿರುತ್ತಾರೆಯೇ? ಕರದಂಟು ಮಾಡುವವರ ಒಲೆಯ ಮುಂದೆ ನಿಂತು ನೋಡಿ. ಅಂಟನ್ನು ತುಪ್ಪದಲ್ಲಿ ಹದ ಉರಿಯಲ್ಲಿ ಅರಳಿಸಬೇಕು, ಒಳಗೆ ಹಸಿ ಉಳಿದರೆ ಹಲ್ಲಿಗೆ ಹತ್ತುತ್ತದೆ. ಬೆಲ್ಲದ ಪಾಕವನ್ನು ಒಂದು ಹನಿ ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ನೋಡುತ್ತಾರೆ. ಇದೇ ತಾಲ್ಲೂಕುಗಳ ಸಕ್ಕರೆ ಕಾರ್ಖಾನೆಗಳಲ್ಲೂ ಪಾಕ ನೋಡುವವನೊಬ್ಬನಿದ್ದಾನೆ, ಪ್ಯಾನ್‌ಮನ್. ಕುದಿಯುವ ಪ್ಯಾನಿನಿಂದ ಸಲಾಕೆಯಲ್ಲಿ ಸ್ಯಾಂಪಲ್ ಎಳೆದು, ಗಾಜಿನ ಮೇಲೆ ಸವರಿ, ಬೆಳಕಿಗೆ ಹಿಡಿದು ಹರಳು ನೋಡುವುದು ಅವನ ವಿದ್ಯೆ. ಇಬ್ಬರದೂ ಒಂದೇ ಕಸುಬು ಅನ್ನಿಸುತ್ತದಲ್ಲವೇ? ಆದರೆ ಪ್ಯಾನ್‌ಮನ್ನನ ಪಕ್ಕ ಉಪಕರಣ ಬಂದು ಕೂತಿದೆ, ಕರದಂಟಿನವನ ಪಕ್ಕ ಬಂದಿಲ್ಲ. ಕಾರ್ಖಾನೆಯ ರಸ ಪ್ಯಾನಿಗೆ ಬರುವ ಮುಂಚೆಯೇ ಸುಣ್ಣ ಕುಡಿದು, ತಿಳಿಯಾಗಿ, ನೀರು ಆವಿಯಾಗಿ, ಒಂದೇ ಮಂದಕ್ಕೆ ಬಂದಿರುತ್ತದೆ. ಕರದಂಟಿನವನ ಬೆಲ್ಲ ಇವತ್ತು ಮಹಾಲಿಂಗಪುರದ್ದು, ನಾಳೆ ಎಲ್ಲಿಯದೋ. ಒಂದು ಹೆಚ್ಚು ನೊರೆ ಬರುತ್ತದೆ, ಇನ್ನೊಂದು ಬೇಗ ಗಟ್ಟಿಯಾಗುತ್ತದೆ. ಅವನ ಬೆರಳನ್ನು ಕಾಯುತ್ತಿರುವುದು ಆ ಬೆಲ್ಲದ ತಿಕ್ಕಲುತನ. ಒಂದೇ ಗುಣದ ಬೆಲ್ಲ ಡಬ್ಬಿಯಲ್ಲಿ ಬರಲು ಶುರುವಾದ ದಿನ ಅವನು ಸ್ವಲ್ಪ ಹುಷಾರಾಗಿರಬೇಕು.

ಎಲ್ಲಿದ್ದೆವು? ಹಾಂ, ಕಬ್ಬಿನ ಹೊಲದಲ್ಲಿ. ಲೆಕ್ಕವೊಂದು ಬಾಕಿ ಇದೆ. ಎರಡು ಎಕರೆ ಇದೆ ಅನ್ನಿ, ಎಕರೆಗೆ ನಲವತ್ತರಂತೆ ಎಂಬತ್ತು ಟನ್ನು. ಹನ್ನೆರಡು ಕೊಯ್ತಾದ ಗ್ಯಾಂಗು ದಿನಕ್ಕೆ ಹದಿನೆಂಟು, ಇಪ್ಪತ್ತು ಟನ್ನು ಕಡಿದರೆ ನಾಲ್ಕೈದು ದಿನ. ಯಂತ್ರಕ್ಕೆ ಒಂದೇ ದಿನ. ಆದರೆ ಯಂತ್ರದ ಕಬ್ಬಿನಲ್ಲಿ ರವದಿ ಹೆಚ್ಚು ಅಂತ ತೂಕದಲ್ಲಿ ನೂರಕ್ಕೆ ಐದರಂತೆ ಕಡಿತ ಮಾಡಿದರೆ ನಾಲ್ಕು ಟನ್ನು ಹೋಯಿತು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕೂತು ಹಟ ಹಿಡಿದು ಪಡೆದ ದರ ಟನ್ನಿಗೆ 3300. ಆ ಲೆಕ್ಕಕ್ಕೆ 13,200 ರೂಪಾಯಿ. ಗ್ಯಾಂಗಿಗೆ ಕೊಡುವ ಮೇಲಿನ ದುಡ್ಡು, ಊಟದ ಖರ್ಚು ಇದಕ್ಕಿಂತ ಹೆಚ್ಚಾದರೆ ರೈತ ಯಂತ್ರದ ಕಡೆ ವಾಲುತ್ತಾನೆ, ಕಡಿಮೆಯಾದರೆ ಗ್ಯಾಂಗಿನ ಕಡೆ. ಪಾಳಿ ತಡವಾಗಿ ಕಬ್ಬು ಒಣಗುತ್ತಿದ್ದರೆ ಮಾತ್ರ ಯಾವ ಲೆಕ್ಕವೂ ಇಲ್ಲ, ಯಾರು ಮೊದಲು ಬಂದರೋ ಅವರೇ ದೇವರು.

ಯಂತ್ರದ ಕಬ್ಬಿಗೆ ಇನ್ನೊಂದು ಅವಸರ. ಇಡೀ ಕಬ್ಬಿಗೆ ಕಡಿದ ಬಾಯಿ ಎರಡು. ಎಂಟಡಿ ಕಬ್ಬನ್ನು ಗೇಣುದ್ದ ತುಂಡರಿಸಿದರೆ ಇಪ್ಪತ್ತರ ಸುಮಾರು ಬಾಯಿ, ಅಷ್ಟೂ ಬಾಯಿಂದ ಹುಳಿ ಒಳಗೆ ಇಳಿಯುತ್ತದೆ. ಒಂದು ದಿನದೊಳಗೆ ಗಾಣಕ್ಕೆ ಬೀಳದಿದ್ದರೆ ಸಕ್ಕರೆ ಕರಗುತ್ತ ಹೋಗುತ್ತದೆ. ಹಾಗಾಗಿ ಯಾವ ಗಾಡಿ ಯಾವಾಗ ಹೊರಡಬೇಕು, ಕಾರ್ಖಾನೆಯ ಯಾರ್ಡಿನಲ್ಲಿ ಸಾಲು ಎಷ್ಟಿದೆ ಅಂತ ನೋಡಿ ಕಟಾವನ್ನು ನಿಲ್ಲಿಸುವ, ನಡೆಸುವ ತಲೆ ಬೇಕಾಯಿತು. ಆ ತಲೆ ಮೊದಲೂ ಇತ್ತು, ಮುಕಾದಮನದು. ಕೊಯ್ತಾ ಕಡಿಮೆಯಾದ ಹೊಲದಲ್ಲಿ ಮುಕಾದಮನ ಬೆಲೆ ಏರುವುದನ್ನು ನಾನು ವಿಚಿತ್ರ ಅನ್ನುವುದಿಲ್ಲ.

ನಮ್ಮ ಪೈಕಿ ಕಾಕಾ ಒಬ್ಬರು ಮೊದಲು ಗ್ಯಾಂಗಿನಲ್ಲಿದ್ದವರು. ಈಗ ಯಂತ್ರದ ಹಿಂದೆ ನಡೆಯುವುದೇ ಅವರ ಕೆಲಸ. ಬರೇ ನಡೆಯುವುದಕ್ಕೆ ಪಗಾರವೇ ಅಂತ ಕೇಳಿದೆ.

“ತಮ್ಮಾ, ನಾ ನೆಲಾ ನೋಡ್ಕೊಂತ ಹೊಕ್ಕೇನಿ,” ಅಂದರು. “ರವದ್ಯಾಗ ಬೆಳ್ಳನ ತುಂಡ ಕಂಡ್ವು ಅಂದ್ರ ಫ್ಯಾನ್ ಜೋರ್ ಐತಿ, ಕಬ್ಬನ್ನೂ ಹಾರಸಾಕತ್ತೈತಿ. ಗಾಡ್ಯಾಗ ರವದಿ ಬಿತ್ತಂದ್ರ ಫ್ಯಾನ್ ನಿಧಾನ ಐತಿ. ಬುಡ ಸೀಳಿದ್ರ ಬ್ಲೇಡ್ ಮೊಂಡ ಆಗೈತಿ, ಬದಲಿ ಮಾಡಂತ ಡ್ರೈವರ್‌ಗ ಒದರ್ತೇನಿ. ಅಂವಾ ಮ್ಯಾಲೆ ಎಸಿಯಾಗ ಕುಂತಾನ, ಅಂವಗ ನೆಲಾ ಕಾಣಂಗಿಲ್ಲ.”

ಬುಡ ಸೀಳಿದರೆ ಕೂಳೆ ಕೆಡುತ್ತದೆ, ಎತ್ತರಕ್ಕೆ ಕತ್ತರಿಸಿದರೆ ಸಕ್ಕರೆ ಹೆಚ್ಚಿರುವ ಬುಡವೇ ಹೊಲದಲ್ಲಿ ಉಳಿಯುತ್ತದೆ, ತೀರಾ ತಗ್ಗಿಸಿದರೆ ಮಣ್ಣೂ ಗಾಡಿಗೆ ಬೀಳುತ್ತದೆ. ಹಾಗಾಗಿ ನೋಡುವ ಕಣ್ಣಿಗೆ ಪಗಾರ. ಹನ್ನೆರಡು ಕೊಯ್ತಾಗಳ ಜಾಗದಲ್ಲಿ ಇಂಥ ಒಂದು ಕಣ್ಣು ಸಾಕು ಎಂಬುದನ್ನೂ ಮುಚ್ಚಿಡಬಾರದು. ಉಳಿದ ಹನ್ನೊಂದು ಜೋಡಿಗಳು ಸದ್ಯ ಯಂತ್ರ ತಿರುಗುವ ಅಂಚನ್ನು ಮುಂಚೆ ಕಡಿದು ಕೊಡಲು, ಮಲಗಿದ ಕಬ್ಬಿಗೆ, ಮೂಲೆಯ ತುಂಡು ಹೊಲಗಳಿಗೆ, ಹಸಿ ನೆಲಕ್ಕೆ ಕರೆಸಿಕೊಳ್ಳುತ್ತಾರೆ. ಅಂದರೆ ಯಂತ್ರ ಒಲ್ಲೆ ಅಂದದ್ದಷ್ಟೇ ಅವರ ಪಾಲಿಗೆ.

ಕಾಕಾನ ಮಗ ಯಂತ್ರದ ಡ್ರೈವರ್ ಆಗುತ್ತೇನೆ ಅಂತ ಕುಣಿಯುತ್ತಿದ್ದ. ಕಾಕಾ ಬೇಡ ಅನ್ನಲಿಲ್ಲ, ಹೈಡ್ರಾಲಿಕ್ ಪೈಪು ಕಟ್ಟುವುದನ್ನೂ ಕಲಿ ಅಂದರು. ಸೀಜನ್ನಿನಲ್ಲಿ ನಡುರಾತ್ರಿ ಪೈಪು ಒಡೆದು ಎಣ್ಣೆ ಚಿಮ್ಮಿದಾಗ ಎಸಿಯಲ್ಲಿ ಕುಂತವರೂ ಕೆಳಗಿಳಿದು ಒಬ್ಬನಿಗಾಗಿ ಕಾಯುತ್ತಾರಂತೆ. ಇಷ್ಟು ಹೊತ್ತೂ ಎಮ್ಮೆ ಹಿಂಡುತ್ತ ಕೇಳುತ್ತಿದ್ದ ಕಾಕು ಅಲ್ಲಿಂದಲೇ, “ಸೋಗಿ ಎಲ್ಲಾ ಮಿಶಿನ್ನ ಪುಡಿ ಮಾಡಿ ಒಗದ್ರ ಎಮ್ಮಿಗೆ ಮೇವು ನಿಮ್ಮ ಸರ್ಕಾರ ಕೊಡತೈತೇನ?” ಅಂದರು. ಅದಕ್ಕೆ ಕಾಕಾನೂ ಮಗನೂ ಇಬ್ಬರೂ ಉತ್ತರ ಕೊಡಲಿಲ್ಲ. ಮಾತು ಹಾಲಿನ ದರಕ್ಕೆ ಹೊರಳಿತು, ಅಲ್ಲಿಂದ ಡೇರಿಯವನು ಫ್ಯಾಟ್ ನೋಡುವ ಡಬ್ಬಿಯ ಮೇಲೆ ಕಾಕುಗಿರುವ ಅನುಮಾನಕ್ಕೆ.